ಮೈಲುತುತ್ತದ 41 ಚೀಲ: ಹಂಚಿಕೊಂಡ ದಾಸ್ತಾನು ಹಾಳೆಯೊಂದನ್ನು ಸರಿಪಡಿಸಿ ಭದ್ರಪಡಿಸಿದ ಅನುಭವ

ಮಲೆನಾಡಿನ ಒಂದು ಸಣ್ಣ ಸಹಕಾರ ಸಂಘದಲ್ಲಿ ಕೃಷಿ ಸಾಮಗ್ರಿಯ ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನದು. ಮೇ ತಿಂಗಳ ಕೊನೆಯ ಹೊತ್ತಿಗೆ ಅಡಿಕೆ ತೋಟದವರೆಲ್ಲ ಕೊಳೆರೋಗದ ಮೊದಲ ಔಷಧಿಗೆ ಸಿದ್ಧರಾಗುತ್ತಾರೆ. ಒಂದು ಪ್ರತಿಶತ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಬೇಕು. ಮಳೆ ಹಿಡಿಯುವ ಮೊದಲೇ ಸಿಂಪಡಣೆ ಮುಗಿಯಬೇಕಾದ್ದರಿಂದ ಆ ಎರಡು ವಾರಗಳಲ್ಲಿ ಗೋದಾಮಿನಲ್ಲಿ ಎಷ್ಟು ಚೀಲ ಇದೆ ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಅದರ ಫಲ ಸದಸ್ಯರ ತೋಟದಲ್ಲೇ ಕಾಣಿಸುತ್ತದೆ. 2024ರ ಮೇ 17ರಂದು ನಾನು ಅಂಥ ತಪ್ಪು ಉತ್ತರ ಕೊಟ್ಟೆ.

ನಮ್ಮ ದಾಸ್ತಾನು ಗೂಗಲ್ ಶೀಟ್ಸ್‌ನ ಒಂದೇ ಹಾಳೆಯಲ್ಲಿತ್ತು. 186 ವಸ್ತುಗಳಿಗೆ 186 ಸಾಲುಗಳು. ಮೊದಲ ಕಾಲಂನಲ್ಲಿ ವಸ್ತುವಿನ ಸಂಕೇತ, ಆಮೇಲೆ ಹೆಸರು, ಅಳತೆ, ಮುಖ್ಯ ಗೋದಾಮಿನಲ್ಲಿರುವ ಪ್ರಮಾಣ, ಶಾಖೆಯ ಗೋದಾಮಿನಲ್ಲಿರುವ ಪ್ರಮಾಣ. ಸಾಮಾನು ಹೊರಗೆ ಹೋದಾಗ ಯಾರು ಕೊಟ್ಟರೋ ಅವರು ಹಾಳೆ ತೆರೆದು, ಇದ್ದ ಸಂಖ್ಯೆಯಲ್ಲಿ ಕೊಟ್ಟದ್ದನ್ನು ಕಳೆದು, ಹೊಸ ಸಂಖ್ಯೆಯನ್ನು ಅದೇ ಜಾಗದಲ್ಲಿ ಬರೆಯುತ್ತಿದ್ದರು. ಎಲ್ಲರಿಗೂ ಅನುಕೂಲವಾಗಲೆಂದು ಹಾಳೆಯ ಲಿಂಕ್ ಇದ್ದವರೆಲ್ಲ ತಿದ್ದಬಹುದು ಎಂಬ ಅನುಮತಿಯನ್ನು ಹಿಂದೆಂದೋ ಕೊಟ್ಟಾಗಿತ್ತು, ಮತ್ತು ಆ ಲಿಂಕ್ ಸಿಬ್ಬಂದಿಯ ವಾಟ್ಸ್ಯಾಪ್ ಗುಂಪಿನಲ್ಲಿ ಎಷ್ಟೋ ಸಲ ಓಡಾಡಿತ್ತು.

ಆ ಶುಕ್ರವಾರ ಬೆಳಿಗ್ಗೆ ಹಿರಿಯ ಸದಸ್ಯರೊಬ್ಬರು ಐದು ಚೀಲ ಮೈಲುತುತ್ತ ಕೇಳಿದರು. ಹಾಳೆಯಲ್ಲಿ 3 ಎಂದಿದ್ದುದರಿಂದ ಮೂರೇ ಚೀಲ ಉಳಿದಿದೆ ಎಂದು ಹೇಳಿ ಕಳುಹಿಸಿಬಿಟ್ಟೆ. ಅವರು ಹೊರಗೆ ಹೋದ ಮೇಲೆ ಗೋದಾಮಿನ ಸಹಾಯಕರು ಬಂದು, “ಮೇಡಂ, ಮೂರಲ್ಲ, ಗೋಡೆಗುಂಟ ಅಟ್ಟಿಯೇ ಇದೆಯಲ್ಲ, ಬಂದು ನೋಡಿ” ಎಂದರು. ಹೋಗಿ ಎಣಿಸಿದರೆ 41 ಚೀಲ ಇತ್ತು. ಸದಸ್ಯರಿಗೆ ಫೋನ್ ಮಾಡಿ ವಾಪಸ್ ಕರೆಸಿಕೊಂಡೆವು. ಆದರೆ ಒಂದು ವಸ್ತುವಿನಲ್ಲಿ 38 ಚೀಲದ ವ್ಯತ್ಯಾಸ ಇದ್ದರೆ ಉಳಿದ 185ರ ಗತಿ ಏನು ಎಂಬ ಚಿಂತೆ ಹತ್ತಿತು. ಸಾರಾಂಶದ ಟ್ಯಾಬಿನಲ್ಲಿ ಇಡೀ ಕಾಲಂನ ಮೊತ್ತ ಬರುವಂತೆ ಮಾಡಿಟ್ಟಿದ್ದೆ. ಆ ಮೊತ್ತದಲ್ಲಿ ಎದ್ದು ಕಾಣುವ ಏರುಪೇರು ಏನೂ ಇರಲಿಲ್ಲ. ಅದನ್ನೇ ನಂಬಿ ಮೂರು ದಿನ ನಿಶ್ಚಿಂತೆಯಿಂದ ಇದ್ದೆ ಎಂಬುದು ಆಮೇಲೆ ತಿಳಿಯಿತು.

ಮೊದಲು ಮಾಡಿದ್ದು `File > Version history > See version history` ತೆರೆದದ್ದು. ಬಲಗಡೆ ದಿನಾಂಕವಾರು ಹಳೆಯ ಆವೃತ್ತಿಗಳ ಪಟ್ಟಿ ಬರುತ್ತದೆ. ಪ್ರತಿ ದಿನಾಂಕದ ಪಕ್ಕದ ಸಣ್ಣ ಬಾಣವನ್ನು ಒತ್ತಿದರೆ ಆ ದಿನದ ಒಳಗಿನ ಬಿಡಿಬಿಡಿ ಆವೃತ್ತಿಗಳೂ ಕಾಣುತ್ತವೆ. ಆವೃತ್ತಿಯೊಂದನ್ನು ಆಯ್ದಾಗ ಅದರಲ್ಲಿ ಬದಲಾದ ಸೆಲ್‌ಗಳು ಬದಲಿಸಿದವರ ಬಣ್ಣದಲ್ಲಿ ಎದ್ದು ತೋರುತ್ತವೆ. ಸಾಮಾನ್ಯ ದಿನಗಳಲ್ಲಿ ಅಲ್ಲೊಂದು ಇಲ್ಲೊಂದು ಸೆಲ್‌ಗೆ ಬಣ್ಣ ಇರುತ್ತದೆ. ಮಂಗಳವಾರ, ಮೇ 14ರ ಸಂಜೆ 6:07ರ ಆವೃತ್ತಿಯಲ್ಲಿ ಮುಖ್ಯ ಗೋದಾಮಿನ ಕಾಲಂ ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣದಲ್ಲಿತ್ತು, ಮತ್ತು ಸಂಖ್ಯೆಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಂತಿದ್ದವು. ಯಾರೋ ಯಾವ ಸಾಮಾನು ಹೆಚ್ಚಿದೆ ಎಂದು ನೋಡುವ ಸದುದ್ದೇಶದಿಂದ ಆ ಒಂದೇ ಕಾಲಂ ಆಯ್ದು `Sort range` ಒತ್ತಿದ್ದರು. `Sort sheet` ಒತ್ತಿದ್ದರೆ ಸಾಲುಗಳು ಇಡಿಯಾಗಿ ಜರುಗುತ್ತಿದ್ದವು. `Sort range` ಒತ್ತಿದರೆ ಆಯ್ದ ಭಾಗ ಮಾತ್ರ ಜರುಗುತ್ತದೆ. ಹೆಸರುಗಳು ಇದ್ದಲ್ಲೇ ಉಳಿದು ಸಂಖ್ಯೆಗಳು ಮಾತ್ರ ಅದಲುಬದಲಾದುದರಿಂದ ಒಬ್ಬರ ಲೆಕ್ಕ ಇನ್ನೊಬ್ಬರ ತಲೆಗೆ ಬಂದಿತ್ತು. ಅದೇ ಸಂಖ್ಯೆಗಳು ಜಾಗ ಬದಲಿಸಿದ್ದರಿಂದ ಮೊತ್ತ ಮಾತ್ರ ಒಂದಿಷ್ಟೂ ಬದಲಾಗಿರಲಿಲ್ಲ.

ಯಾರು ಎಂದು ನೋಡಲು ಹೋದರೆ ಅಲ್ಲಿದ್ದುದು ಅನಾಮಿಕ ಬಳಕೆದಾರ ಎಂಬ ಗುರುತು ಮಾತ್ರ. ಹೆಸರು ಹಿಡಿದು ಹಂಚಿಕೊಳ್ಳದೆ ಬರಿಯ ಲಿಂಕ್ ಮೂಲಕ ಬಂದವರನ್ನು ಶೀಟ್ಸ್ ಹಾಗೆಯೇ ತೋರಿಸುತ್ತದೆ. ಯಾರನ್ನೂ ದೂರುವ ಉದ್ದೇಶ ನನಗಿರಲಿಲ್ಲ. ಆದರೆ ಏನು ಮಾಡಲು ಹೊರಟಿದ್ದರು ಎಂದು ಕೇಳಲೂ ಸಾಧ್ಯವಾಗದಿರುವುದು ದೊಡ್ಡ ಕೊರತೆ.

ಆ ಕ್ಷಣದಲ್ಲಿ ಪರದೆಯ ಮೇಲೆ `Restore this version` ಎಂಬ ಗುಂಡಿ ಇತ್ತು, ಮತ್ತು ಕಾರ್ಯದರ್ಶಿಗಳು ಅದನ್ನೇ ಒತ್ತಿಬಿಡಿ ಎಂದರು. ನಾನು ತಡೆದೆ. ಆ ಗುಂಡಿ ಇಡೀ ಕಡತವನ್ನು, ಅಂದರೆ ಎಲ್ಲ ಟ್ಯಾಬ್‌ಗಳನ್ನೂ, ಆ ಹೊತ್ತಿಗೆ ಹಿಂದಿರುಗಿಸುತ್ತದೆ. ಬುಧವಾರ ಬೆಳಿಗ್ಗೆಯಿಂದ ಶುಕ್ರವಾರದವರೆಗೆ ಸಿಬ್ಬಂದಿ 27 ಸಲ ನಿಜವಾದ ವಹಿವಾಟನ್ನು ಹಾಳೆಯಲ್ಲಿ ದಾಖಲಿಸಿದ್ದರು. ಅವರು ಕಳೆದದ್ದು ತಪ್ಪು ಸಂಖ್ಯೆಯಿಂದ, ಆದರೆ ಕಳೆದ ಪ್ರಮಾಣ ಸರಿಯಾಗಿಯೇ ಇತ್ತು. ಹಿಂದಕ್ಕೆ ಹೋದರೆ ಆ 27 ನಮೂದುಗಳು ಈಗಿನ ಹಾಳೆಯಿಂದ ಮರೆಯಾಗುತ್ತಿದ್ದವು. ಇದ್ದಂತೆ ಬಿಟ್ಟರೆ ಲೆಕ್ಕವೇ ಸುಳ್ಳು.

ಒಂದು ದಾರಿ ಇತ್ತು. ಆವೃತ್ತಿಯ ಪಕ್ಕದ ಮೂರು ಚುಕ್ಕೆ ಒತ್ತಿದರೆ `Make a copy` ಬರುತ್ತದೆ. ಇದರಿಂದ ಮೂಲ ಕಡತಕ್ಕೆ ಏನೂ ಆಗದೆ ಹಳೆಯ ಸ್ಥಿತಿಯ ಪ್ರತಿಯೊಂದು ಬೇರೆ ಕಡತವಾಗಿ ಸಿಗುತ್ತದೆ. ನಾನು ಎರಡು ಪ್ರತಿ ತೆಗೆದೆ: ಸಾರ್ಟ್ ಮಾಡುವ ತುಸು ಮೊದಲಿನದು ಮತ್ತು ಸಾರ್ಟ್ ಮಾಡಿದ ಕೂಡಲೇ ಇದ್ದದ್ದು. ಎರಡರಿಂದಲೂ ದಾಸ್ತಾನಿನ ಟ್ಯಾಬನ್ನು `Copy to > Existing spreadsheet` ಮೂಲಕ ಒಂದು ಖಾಲಿ ಕಡತಕ್ಕೆ ತಂದು, ಈಗಿನ ಹಾಳೆಯನ್ನೂ ಅಲ್ಲಿಗೆ ತಂದು, ಮೂರಕ್ಕೂ ಮೊದಲು, ನಂತರ, ಈಗ ಎಂದು ಹೆಸರಿಟ್ಟೆ. ಸಾರ್ಟ್ ಆದ ಮೇಲೆ ಆಗಿರುವ ನಿಜವಾದ ವಹಿವಾಟು ಎಂದರೆ ಈಗಿನ ಸಂಖ್ಯೆಯಲ್ಲಿ ಸಾರ್ಟ್ ನಂತರದ ಸಂಖ್ಯೆಯನ್ನು ಕಳೆದದ್ದು. ಅದನ್ನು ಮೊದಲಿನ ಸರಿಯಾದ ಸಂಖ್ಯೆಗೆ ಕೂಡಿದರೆ ಇಂದಿನ ಸರಿಯಾದ ದಾಸ್ತಾನು ಬರಬೇಕು:

```
='ಮೊದಲು'!D2+('ಈಗ'!D2-'ನಂತರ'!D2)
```

ಮೈಲುತುತ್ತದ ಸಾಲಿನಲ್ಲಿ ಮೊದಲು 44 ಇತ್ತು, ಸಾರ್ಟ್ ನಂತರ ಅಲ್ಲಿಗೆ ಬೇರಾವುದೋ ವಸ್ತುವಿನ 6 ಬಂದು ಕೂತಿತ್ತು, ಮೂರು ಚೀಲ ಹೊರಗೆ ಹೋದ ಮೇಲೆ 3 ಆಗಿತ್ತು. 44 ಕೂಡಿಸು, 3ರಲ್ಲಿ 6 ಕಳೆದರೆ ಬರುವ ಋಣ 3, ಒಟ್ಟು 41. ಬೆಳಿಗ್ಗೆ ಕೈಯಿಂದ ಎಣಿಸಿದ್ದೂ 41. ಆ ಒಂದು ಸಂಖ್ಯೆ ತಾಳೆಯಾದಾಗ ನನಗೆ ಆದ ಸಮಾಧಾನವನ್ನು ಹೇಳಿಕೊಳ್ಳದಿರಲಾರೆ.

ಆದರೂ ಈ ಲೆಕ್ಕ ನಂಬಬೇಕಾದರೆ ಎರಡು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕಿತ್ತು. ಮೊದಲನೆಯದು, ಸಾರ್ಟ್‌ಗೆ ಮುಂಚಿನ ಮತ್ತು ನಂತರದ ಆವೃತ್ತಿಗಳ ನಡುವೆ ಬೇರೆ ಯಾವ ಬದಲಾವಣೆಯೂ ನುಸುಳಿಲ್ಲ ಎಂಬುದು. ಶೀಟ್ಸ್ ಹತ್ತಿರಹತ್ತಿರದ ತಿದ್ದುಪಡಿಗಳನ್ನು ಒಂದೇ ಆವೃತ್ತಿಯಾಗಿ ಸೇರಿಸಿಬಿಡುತ್ತದೆ. ನಮ್ಮ ಅದೃಷ್ಟಕ್ಕೆ ಸಾರ್ಟ್ ನಡೆದದ್ದು ಕೌಂಟರ್ ಮುಚ್ಚಿದ ಮೇಲೆ, ಮುಂದಿನ ನಮೂದು ಮರುದಿನ ಬೆಳಿಗ್ಗೆ. ಇಲ್ಲಿ ನನ್ನನ್ನು ಮೋಸಗೊಳಿಸಿದ ಆ ಮೊತ್ತವೇ ಉಪಯೋಗಕ್ಕೆ ಬಂತು: ಎರಡೂ ಪ್ರತಿಗಳಲ್ಲಿ ಕಾಲಂನ ಮೊತ್ತ ಒಂದೇ ಇದ್ದರೆ, ನಡುವೆ ಆದದ್ದು ಬರಿಯ ಸ್ಥಾನಪಲ್ಲಟ ಎಂದು ಬಹುಮಟ್ಟಿಗೆ ಹೇಳಬಹುದು. ಒಂದೇ ಇತ್ತು. ಮೂರು ಪ್ರತಿಗಳಲ್ಲೂ ಸಂಕೇತದ ಕಾಲಂ ಸಾಲುಸಾಲಾಗಿ ಹೊಂದುತ್ತದೆಯೇ ಎಂದೂ ನೋಡಿದೆ, ಏಕೆಂದರೆ ನಡುವೆ ಯಾರಾದರೂ ಹೊಸ ಸಾಲು ಸೇರಿಸಿದ್ದರೆ ಮೇಲಿನ ಸೂತ್ರ ಪಕ್ಕದ ವಸ್ತುವಿನ ಲೆಕ್ಕವನ್ನು ಎಳೆದು ತರುತ್ತಿತ್ತು.

ಎರಡನೆಯದು ಇನ್ನೂ ಸೂಕ್ಷ್ಮ. ಎಲ್ಲರೂ ಕಳೆದು ಬರೆದಿದ್ದಾರೆ ಎಂಬುದು ನನ್ನ ಊಹೆ. ಸುಣ್ಣದ ಸಾಲಿನಲ್ಲಿ ಮೊದಲು 60, ನಂತರ 12, ಈಗ 52 ಇತ್ತು. ಸೂತ್ರ 100 ಚೀಲ ಎನ್ನುತ್ತಿತ್ತು. ಗೋದಾಮಿನಲ್ಲಿ 100 ಚೀಲ ಸುಣ್ಣ ಇಡಲು ಜಾಗವೇ ಇಲ್ಲ. ಆ ಸೆಲ್ ಮೇಲೆ ಬಲಗುಂಡಿ ಒತ್ತಿ `Show edit history` ನೋಡಿದಾಗ ಗುರುವಾರ 12 ನೇರವಾಗಿ 52 ಆದದ್ದು ಕಂಡಿತು. ಸಹಾಯಕರನ್ನು ಕೇಳಿದರೆ, ಹಾಳೆಯ ಸಂಖ್ಯೆ ತಪ್ಪು ಎಂದು ಅನಿಸಿದ್ದರಿಂದ ಚೀಲ ಎಣಿಸಿ ಇದ್ದದ್ದನ್ನೇ ಬರೆದೆ ಎಂದರು. ಅವರು ಮಾಡಿದ್ದು ಒಳ್ಳೆಯ ಕೆಲಸವೇ, ಆದರೆ ಅದು ನನ್ನ ಸೂತ್ರಕ್ಕೆ ಹೊಂದದ ಕೆಲಸ. ಆದ್ದರಿಂದ ಈಗಿನ ಸಂಖ್ಯೆ ಸಾರ್ಟ್ ನಂತರದ ಸಂಖ್ಯೆಗಿಂತ ಹೆಚ್ಚಿರುವ ಸಾಲುಗಳನ್ನೆಲ್ಲ ಬೇರೆ ತೆಗೆದೆ. ಒಟ್ಟು 19 ಸಾಲುಗಳಲ್ಲಿ ಬದಲಾವಣೆ ಇತ್ತು, ಅವುಗಳಲ್ಲಿ ಮೂರರಲ್ಲಿ ಏರಿಕೆ. ಒಂದಕ್ಕೆ ಖರೀದಿ ಬಿಲ್ಲು ಸಿಕ್ಕಿತು. ಉಳಿದ ಎರಡು ಎಣಿಸಿ ಬರೆದವು. ಆ ಎರಡನ್ನು ಮತ್ತೆ ಎಣಿಸಿ ಕೈಯಿಂದ ಸರಿಪಡಿಸಿದೆ.

ಸಂಜೆ ಎಲ್ಲರೂ ಹಾಳೆ ಮುಚ್ಚಿದ ಮೇಲೆ `Name current version` ಒತ್ತಿ ‘ಸರಿಪಡಿಸುವ ಮುನ್ನ, ಮೇ 17’ ಎಂದು ಹೆಸರಿಟ್ಟು, ಸರಿಯಾದ ಸಂಖ್ಯೆಗಳನ್ನು `Ctrl+Shift+V` ಬಳಸಿ ಸೂತ್ರವಿಲ್ಲದೆ ಬರಿಯ ಮೌಲ್ಯವಾಗಿ ಅಂಟಿಸಿ, ಮತ್ತೆ ‘ಸರಿಪಡಿಸಿದ ನಂತರ’ ಎಂದು ಹೆಸರಿಟ್ಟೆ. ಹೆಸರಿಡುವುದು ಅಲಂಕಾರಕ್ಕಲ್ಲ. ಹಳೆಯ ಆವೃತ್ತಿಗಳನ್ನು ಜಾಗ ಉಳಿಸಲು ಗೂಗಲ್ ಒಂದರೊಳಗೊಂದು ಸೇರಿಸುವುದುಂಟು. ಹೆಸರಿದ್ದರೆ ಬೇಕಾದ ಆವೃತ್ತಿಯನ್ನು ಪಟ್ಟಿಯಲ್ಲಿ ತಕ್ಷಣ ಗುರುತಿಸಬಹುದು. ಒಂದು ಸ್ಪ್ರೆಡ್‌ಶೀಟಿಗೆ 15 ಹೆಸರುಗಳಿಗಷ್ಟೇ ಅವಕಾಶ ಇರುವುದರಿಂದ ಈಗ ತಿಂಗಳ ಕೊನೆಯ ಎಣಿಕೆಗೆ ಮತ್ತು ಇಂಥ ದೊಡ್ಡ ತಿದ್ದುಪಡಿಗೆ ಮಾತ್ರ ಹೆಸರಿಡುತ್ತೇನೆ. ಇನ್ನೊಂದು ಮಾತು: ಕಡತದ ಪ್ರತಿ ತೆಗೆದರೆ ಆ ಪ್ರತಿಗೆ ಹಳೆಯ ಇತಿಹಾಸ ಬರುವುದಿಲ್ಲ. ಹಾಗಾಗಿ ಹೊಸ ಆರ್ಥಿಕ ವರ್ಷಕ್ಕೆಂದು ಪ್ರತಿ ಮಾಡಿಕೊಂಡು ಹಳೆಯದನ್ನು ಅಳಿಸುವ ನಮ್ಮ ರೂಢಿಯನ್ನು ನಿಲ್ಲಿಸಿದೆವು.

ಮುಂದಿನ ವಾರ ಅನುಮತಿಗಳಿಗೆ ಕೈ ಹಾಕಿದೆ. `Share` ಒತ್ತಿ `General access` ಅನ್ನು `Restricted` ಮಾಡಿ, ಆರು ಜನರ ಖಾತೆಗಳಿಗೆ ಹೆಸರು ಹಿಡಿದು `Editor` ಅನುಮತಿ, ನಿರ್ದೇಶಕರಿಗೆ `Viewer` ಅನುಮತಿ ಕೊಟ್ಟೆ. ಗಿಯರ್ ಚಿತ್ರದ ಒಳಗೆ, ತಿದ್ದುವವರು ಇನ್ನೊಬ್ಬರಿಗೂ ಅನುಮತಿ ಕೊಡಬಹುದು ಎಂಬ ಆಯ್ಕೆಯ ಗುರುತನ್ನು ತೆಗೆದೆ. ಶಾಖೆಯಲ್ಲಿ ಮೂವರು ಒಂದೇ ಖಾತೆಯನ್ನು ಬಳಸುತ್ತಿದ್ದರು; ಅದನ್ನು ಬಿಡಿಸಿ ಬೇರೆಬೇರೆ ಖಾತೆ ಮಾಡಿಸುವುದಕ್ಕೆ ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚು ದಿನ ಹಿಡಿಯಿತು, ಆದರೆ ಅದಿಲ್ಲದಿದ್ದರೆ ಆವೃತ್ತಿ ಇತಿಹಾಸದಲ್ಲಿ ಮೂವರದೂ ಒಂದೇ ಹೆಸರು.

ಅನುಮತಿ ಬಿಗಿ ಮಾಡಿದ್ದರಿಂದ ಹೊರಗಿನವರು ದೂರ ಉಳಿದರು, ಒಳಗಿನ ಕೈತಪ್ಪು ನಿಲ್ಲಲಿಲ್ಲ. ಮೂಲ ದೋಷ ಹಾಳೆಯ ರಚನೆಯಲ್ಲೇ ಇತ್ತು: ದಾಸ್ತಾನಿನ ಸಂಖ್ಯೆಯನ್ನು ಯಾರಾದರೂ ಟೈಪ್ ಮಾಡುತ್ತಿರುವವರೆಗೆ, ಅದು ಹೇಗೆ ಆ ಸಂಖ್ಯೆ ಆಯಿತು ಎಂಬುದು ಹಾಳೆಯಲ್ಲಿ ಉಳಿಯುವುದಿಲ್ಲ. ಕಾಗದದ ಸ್ಟಾಕ್ ರಿಜಿಸ್ಟರಿನಲ್ಲಿ ಆವಕ, ಜಾವಕ, ಶಿಲ್ಕು ಎಂದು ಮೂರು ಕಾಲಂ ಇರುತ್ತಿತ್ತು. ಕಂಪ್ಯೂಟರಿಗೆ ಬರುವಾಗ ನಾವು ಮೊದಲೆರಡನ್ನು ಬಿಟ್ಟು ಶಿಲ್ಕನ್ನು ಮಾತ್ರ ತಂದಿದ್ದೆವು. ಹಾಗಾಗಿ ‘ನಮೂದು’ ಎಂಬ ಹೊಸ ಟ್ಯಾಬ್ ಮಾಡಿ ದಿನಾಂಕ, ಸಂಕೇತ, ಗೋದಾಮು, ಆವಕ, ಜಾವಕ, ಬಿಲ್ಲಿನ ಸಂಖ್ಯೆ, ಷರಾ ಎಂಬ ಕಾಲಂಗಳನ್ನಿಟ್ಟೆ. ಮೇ 31ರ ಎಣಿಕೆಯ ಪ್ರಮಾಣವನ್ನು ಪ್ರತಿ ವಸ್ತುವಿಗೂ ಮೊದಲ ಆವಕವಾಗಿ ಬರೆದೆ. ದಾಸ್ತಾನಿನ ಟ್ಯಾಬಿನಲ್ಲಿ ಈಗ ಯಾರೂ ಟೈಪ್ ಮಾಡುವುದಿಲ್ಲ. ಅಲ್ಲಿರುವುದು ಈ ಸೂತ್ರ:

```
=SUMIFS('ನಮೂದು'!D:D,'ನಮೂದು'!B:B,A2,'ನಮೂದು'!C:C,"ಮುಖ್ಯ")
-SUMIFS('ನಮೂದು'!E:E,'ನಮೂದು'!B:B,A2,'ನಮೂದು'!C:C,"ಮುಖ್ಯ")
```

ತಪ್ಪು ನಮೂದನ್ನು ಅಳಿಸುವಂತಿಲ್ಲ, ಅದಕ್ಕೆ ವಿರುದ್ಧವಾದ ಇನ್ನೊಂದು ನಮೂದನ್ನು ಷರಾ ಸಮೇತ ಬರೆಯಬೇಕು ಎಂದು ನಿಯಮ ಮಾಡಿದೆವು. ಲೆಕ್ಕದ ಪುಸ್ತಕ ಬರೆದವರಿಗೆ ಇದು ಹೊಸದಲ್ಲ.

`Data > Protect sheets and ranges` ಮೂಲಕ ದಾಸ್ತಾನಿನ ಟ್ಯಾಬಿಗೆ ರಕ್ಷಣೆ ಹಾಕುವಾಗ ನನ್ನಿಂದ ಒಂದು ತಪ್ಪಾಯಿತು. ಮೊದಲು ಎಚ್ಚರಿಕೆ ಮಾತ್ರ ತೋರಿಸುವ ಆಯ್ಕೆಯನ್ನು ಆರಿಸಿದ್ದೆ. ಕೌಂಟರಿನ ಮುಂದೆ ನಾಲ್ಕು ಜನ ನಿಂತಿರುವಾಗ ಪರದೆಯ ಮೇಲಿನ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ; ಒಪ್ಪಿಗೆ ಒತ್ತಿ ಮುಂದೆ ಹೋಗುತ್ತಾರೆ. ಎರಡೇ ದಿನದಲ್ಲಿ ಒಂದು ಸೂತ್ರದ ಮೇಲೆ 18 ಎಂದು ಟೈಪ್ ಆಗಿತ್ತು. ಆಮೇಲೆ `Restrict who can edit this range` ಆಯ್ದು ನನಗೂ ಕಾರ್ಯದರ್ಶಿಗಳಿಗೂ ಮಾತ್ರ ಬಿಟ್ಟೆ. ನಮೂದಿನ ಟ್ಯಾಬಿನಲ್ಲಿ ಹಿಂದಿನ ದಿನದವರೆಗಿನ ಸಾಲುಗಳನ್ನು ಪ್ರತಿ ಬೆಳಿಗ್ಗೆ ಇದೇ ರಕ್ಷಣೆಯ ಒಳಗೆ ಸೇರಿಸುತ್ತೇನೆ. ಆ ದಿನದ ಸಾಲುಗಳು ಮಾತ್ರ ತೆರೆದಿರುತ್ತವೆ. ರಕ್ಷಿತ ಸಾಲುಗಳನ್ನು ಒಳಗೊಂಡ ಭಾಗವನ್ನು ಅನುಮತಿ ಇಲ್ಲದವರು ಸಾರ್ಟ್ ಮಾಡಲಾಗದು ಎಂಬುದು ಇದರ ಇನ್ನೊಂದು ಲಾಭ. ಹೆಚ್ಚು-ಕಡಿಮೆ ನೋಡಬೇಕೆನ್ನುವವರಿಗೆ ಫಿಲ್ಟರ್ ವ್ಯೂ ಮಾಡಿಕೊಟ್ಟಿದ್ದೇನೆ. ಅದರಲ್ಲಿ ಸಾರ್ಟ್ ಮಾಡಿದರೆ ಅವರ ಪರದೆಯಲ್ಲಷ್ಟೇ ಕ್ರಮ ಬದಲಾಗುತ್ತದೆ. ರಕ್ಷಣೆ ಕೆಲಸ ಮಾಡುತ್ತಿದೆಯೇ ಎಂದು ನನ್ನ ಖಾತೆಯಿಂದ ಪರೀಕ್ಷಿಸಿ ಉಪಯೋಗವಿಲ್ಲ, ಏಕೆಂದರೆ ಕಡತದ ಮಾಲೀಕರಿಗೆ ಎಲ್ಲವೂ ತೆರೆದೇ ಇರುತ್ತದೆ. ಸಹಾಯಕರ ಕಂಪ್ಯೂಟರಿನಲ್ಲಿ, ಅವರ ಖಾತೆಯಲ್ಲಿ, ಅವರ ಕೈಯಿಂದಲೇ ಕೆಡಿಸಲು ಪ್ರಯತ್ನಿಸಿ ನೋಡಬೇಕು.

ಕೊನೆಯದಾಗಿ ಬದಲಾವಣೆಯ ದಾಖಲೆ. ಆವೃತ್ತಿ ಇತಿಹಾಸದಲ್ಲಿ ಎಲ್ಲವೂ ಇದೆಯಾದರೂ ಅದರಲ್ಲಿ ಹುಡುಕುವುದು ಕಷ್ಟ. ಯಾವ ಸೆಲ್, ಯಾವಾಗ, ಎಷ್ಟಿದ್ದದ್ದು ಎಷ್ಟಾಯಿತು ಎಂಬುದು ಸಾಲುಸಾಲಾಗಿ ಬೇಕಿತ್ತು. ಅದಕ್ಕೆಂದು ‘ಬದಲಾವಣೆ’ ಎಂಬ ಹೊಸ ಟ್ಯಾಬ್ ಮಾಡಿದೆ. `Extensions > Apps Script` ಒಳಗೆ ಈ ಪುಟ್ಟ ಪ್ರೋಗ್ರಾಮನ್ನು ಬರೆದೆ:

```
function logEdit(e) {
  const s = e.range.getSheet();
  if (s.getName() === 'ಬದಲಾವಣೆ') return;
  e.source.getSheetByName('ಬದಲಾವಣೆ').appendRow([
    new Date(), s.getName(), e.range.getA1Notation(),
    e.oldValue ?? '', e.value ?? ''
  ]);
}
```

ಮೊದಲ ಸಲ ಇದಕ್ಕೆ `onEdit` ಎಂದು ಹೆಸರಿಟ್ಟಿದ್ದೆ. ಆ ಹೆಸರಿದ್ದರೆ ಬೇರೇನೂ ಮಾಡದೆ ತಾನಾಗಿಯೇ ನಡೆಯುತ್ತದೆ. ‘ಬದಲಾವಣೆ’ ಟ್ಯಾಬನ್ನು ಯಾರೂ ತಿದ್ದದಂತೆ ರಕ್ಷಣೆಯನ್ನೂ ಹಾಕಿದೆ. ಮೂರು ದಿನ ಸಾಲುಗಳು ಸೇರುತ್ತಲೇ ಇದ್ದವು, ನಾಲ್ಕನೆಯ ದಿನ ಓದಿ ನೋಡಿದರೆ ಅಲ್ಲಿದ್ದುದೆಲ್ಲ ನಾನೇ ಮಾಡಿದ ಬದಲಾವಣೆಗಳು. `onEdit` ಎಂಬ ಸರಳ ಟ್ರಿಗರ್ ಹಾಳೆಯನ್ನು ತಿದ್ದುತ್ತಿರುವವರ ಅನುಮತಿಯಲ್ಲೇ ನಡೆಯುತ್ತದೆ. ಅವರಿಗೆ ರಕ್ಷಿತ ಟ್ಯಾಬಿನಲ್ಲಿ ಬರೆಯುವ ಹಕ್ಕಿಲ್ಲದಿದ್ದರೆ ಪ್ರೋಗ್ರಾಂ ಸದ್ದಿಲ್ಲದೆ ನಿಂತುಬಿಡುತ್ತದೆ. ಹೆಸರನ್ನು `logEdit` ಎಂದು ಬದಲಿಸಿ, ಎಡಗಡೆಯ ಗಡಿಯಾರದ ಚಿತ್ರ ಒತ್ತಿ `Add Trigger` ಮೂಲಕ `From spreadsheet`, `On edit` ಆಯ್ದು ನನ್ನ ಖಾತೆಯಿಂದ ಸ್ಥಾಪಿಸಿದೆ. ಹೀಗೆ ಸ್ಥಾಪಿಸಿದ ಟ್ರಿಗರ್ ಸ್ಥಾಪಿಸಿದವರ ಅನುಮತಿಯಲ್ಲಿ ನಡೆಯುವುದರಿಂದ ಯಾರು ತಿದ್ದಿದರೂ ದಾಖಲೆಯಾಗುತ್ತದೆ, ಆದರೆ ದಾಖಲೆಯನ್ನು ಅವರು ಮುಟ್ಟಲಾಗದು.

ಇದರ ಮಿತಿಗಳೂ ಬೇಗನೆ ತಿಳಿದವು. ಹಲವು ಸೆಲ್‌ಗಳನ್ನು ಒಟ್ಟಿಗೆ ಅಂಟಿಸಿದಾಗ ಹಳೆಯ ಮೌಲ್ಯ ಬರುವುದಿಲ್ಲ, ಯಾವ ಭಾಗ ಎಂಬುದಷ್ಟೇ ಬರುತ್ತದೆ. ನಾವು ಬಳಸುವುದು ಸಾಮಾನ್ಯ ಜಿಮೇಲ್ ಖಾತೆಗಳಾದ್ದರಿಂದ ಬದಲಿಸಿದವರ ಹೆಸರನ್ನು ಪ್ರೋಗ್ರಾಮಿನಿಂದ ಪಡೆಯಲಾಗಲಿಲ್ಲ. ದಾಖಲೆಯಿಂದ ಹೊತ್ತನ್ನು ಹಿಡಿದು, ಆ ಹೊತ್ತಿನ ಹೆಸರನ್ನು ಆವೃತ್ತಿ ಇತಿಹಾಸದಲ್ಲಿ ನೋಡುತ್ತೇನೆ. ಇಡೀ ಸಾಲನ್ನೇ ತೆಗೆದರೆ ಈ ಟ್ರಿಗರ್‌ಗೆ ಗೊತ್ತಾಗುವುದಿಲ್ಲ, ಅದಕ್ಕೆ `On change` ಎಂಬ ಬೇರೆ ಟ್ರಿಗರ್ ಬೇಕು.

ಜುಲೈಯಲ್ಲಿ, ಎರಡನೆಯ ಸಿಂಪಡಣೆಯ ಹೊತ್ತಿಗೆ, ಶಾಖೆಯ ಮೈಲುತುತ್ತ ಒಮ್ಮೆಗೇ ಋಣ ಸಂಖ್ಯೆ ತೋರಿಸಿತು. ‘ಬದಲಾವಣೆ’ ಟ್ಯಾಬಿನಲ್ಲಿ ಬೆಳಿಗ್ಗೆ 10:40ಕ್ಕೆ ಜಾವಕದ ಸೆಲ್ಲಿನಲ್ಲಿ 20 ಎಂದು ಬರೆದದ್ದಿತ್ತು, ಬಿಲ್ಲಿನಲ್ಲಿ ಇದ್ದದ್ದು 2. ಆವೃತ್ತಿ ಇತಿಹಾಸದಲ್ಲಿ ಹೆಸರು ನೋಡಿ ಫೋನ್ ಮಾಡಿದೆ. “ಹೌದು ಮೇಡಂ, ಕೈ ತಪ್ಪಿ ಸೊನ್ನೆ ಒತ್ತಿದ್ದು” ಎಂದವರು ಅಲ್ಲೇ ಕೂತು 18 ಚೀಲದ ಆವಕವನ್ನು ‘ಬಿಲ್ಲಿನಂತೆ ತಿದ್ದುಪಡಿ’ ಎಂಬ ಷರಾದೊಂದಿಗೆ ಬರೆದರು. ನಾನು ಫೋನ್ ಇಡುವಷ್ಟರಲ್ಲಿ ಹಾಳೆಯ ಶಿಲ್ಕು ಗೋದಾಮಿನ ಶಿಲ್ಕಿಗೆ ತಾಳೆಯಾಗಿತ್ತು.